ಹಲ್ಲು ಸರಿ ಇತ್ತು, ರನ್ನರ್ ಕೈಕೊಟ್ಟಿತ್ತು

ನನ್ನ ಬ್ಯಾಗಿನ ಜಿಪ್ ಮುಂದೆ ಮುಚ್ಚಿಕೊಳ್ಳುತ್ತಾ ಹೋಗುತ್ತಿತ್ತು, ಹಿಂದೆ ಬಾಯಿ ಬಿಡುತ್ತಾ ಬರುತ್ತಿತ್ತು. ಒಮ್ಮೆ ಬಸ್ ಹತ್ತುವಾಗ ಹಿಂದಿದ್ದವರೊಬ್ಬರು, "ಏನೋ ಬೀಳ್ತಾ ಇದೆ ನೋಡಿ" ಎಂದರು. ಏನು ಅಂತ ಹೇಳಲಿಲ್ಲ. ಒಳ್ಳೆಯವರು. ನೇತಾಡುತ್ತಿದ್ದದ್ದು ನನ್ನ ಚಡ್ಡಿ.

ಮನೆಗೆ ಬಂದವನೇ ಬ್ಯಾಗ್ ಬಿಸಾಡಲು ಹೊರಟೆ. "ಹಲ್ಲು ಬಿದ್ದಿದೆಯಾ ಅಂತ ನೋಡಿದ್ರಾ?" ಎಂದಳು ಹೆಂಡತಿ. ಟಾರ್ಚ್ ಹಿಡಿದು ದಂತವೈದ್ಯನ ಹಾಗೆ ಈ ತುದಿಯಿಂದ ಆ ತುದಿಗೆ ನೋಡಿದೆ. ಒಂದೂ ಬಿದ್ದಿರಲಿಲ್ಲ, ಬಟ್ಟೆಪಟ್ಟಿಯೂ ಹರಿದಿರಲಿಲ್ಲ. ಹಾಗಾದರೆ ತಪ್ಪು ರನ್ನರಿನದು. ಎರಡು ಸಾಲು ಹಲ್ಲುಗಳು ಅದರ ಅಗಲದ ಕಡೆಯಿಂದ ಒಳಹೊಕ್ಕು, ಕಿರಿದಾದ ಕಡೆಯಿಂದ ಒಂದಾಗಿ ಹೊರಬರಬೇಕು. ಎಳೆದೂ ಎಳೆದೂ ಆ ಕಿರಿದಾದ ಕಡೆಯ ಸಂದು ಸಡಿಲವಾದರೆ ಹಲ್ಲುಗಳನ್ನು ಒತ್ತಿ ಕೂಡಿಸುವವರು ಯಾರೂ ಇರುವುದಿಲ್ಲ.

ರನ್ನರನ್ನು ಪೂರ್ತಿ ತೆರೆದ ತುದಿಗೆ ತಂದು, ಅದರ ಕಿರಿದಾದ ಕಡೆಯ ಎಡ ಅಂಚನ್ನು ಇಕ್ಕಳದಿಂದ ಚೂರು ಒತ್ತಿದೆ. ಆಮೇಲೆ ಬಲ ಅಂಚು. ಎಳೆದೆ, ಜಿಪ್ ಅಚ್ಚುಕಟ್ಟಾಗಿ ಕೂಡಿಕೊಂಡಿತು! ಅಲ್ಲಿಗೆ ನಿಲ್ಲಿಸಬೇಕಿತ್ತು, ಅಲ್ವಾ? ಇನ್ನೂ ಗಟ್ಟಿಯಾಗಲಿ ಅಂತ ಮತ್ತೊಮ್ಮೆ ಒತ್ತಿದೆ. ಟಕ್ ಎಂದಿತು. ಆ ಲೋಹ ತಂತಿಯ ಹಾಗೆ ಬಗ್ಗುವ ಜಾತಿಯದಲ್ಲ. ಸ್ವಲ್ಪ ಜಾಸ್ತಿ ಒತ್ತಿದರೆ ಬಿರುಕು ಬಿಡುತ್ತದೆ.

ಮುರಿದ ರನ್ನರಿನ ಬೆನ್ನ ಮೇಲೆ 5 ಎಂದು ಬರೆದಿತ್ತು. ಮುಚ್ಚಿದಾಗ ಹಲ್ಲುಸಾಲಿನ ಅಗಲ ಸುಮಾರು 5 ಮಿಲಿಮೀಟರ್ ಅಂತ ಅರ್ಥ. ಹೊಸ 5ನೇ ನಂಬರಿನ ರನ್ನರ್ ತಂದೆ. ಒಳಗೆ ಹೋಗಲೇ ಇಲ್ಲ. ಅದು ಬಿಡಿಬಿಡಿ ಪ್ಲಾಸ್ಟಿಕ್ ಹಲ್ಲಿನ ಜಿಪ್ಪಿನದು, ನನ್ನದು ನೈಲಾನ್ ಸುರುಳಿಯದು. ನಂಬರಿನ ಜೊತೆ ಜಾತಿಯೂ ಹೊಂದಬೇಕು ಅಂತ ಗೊತ್ತಾಗಿದ್ದು ಆಗಲೇ. ಎರಡನೇ ಸಲ ಸರಿಯಾದದ್ದು ಸಿಕ್ಕಿತು. ಬ್ಯಾಗಿನ ತುದಿಯ ನಾಲ್ಕು ಹೊಲಿಗೆ ಬಿಚ್ಚಿ, ಎರಡೂ ಪಟ್ಟಿಗಳನ್ನು ಸಮವಾಗಿ ತೂರಿಸಿ, ಮತ್ತೆ ಹೊಲಿದೆ. ಒಂದು ಪಟ್ಟಿ ಮುಂದಾದರೆ ಕೊನೆಯಲ್ಲಿ ಗೂನು ಬೆನ್ನು ಬರುತ್ತದೆ. ಎಷ್ಟು ಸಲ ಬಂತು ಅಂತ ಕೇಳಬೇಡಿ.

ಆ ಹುಮ್ಮಸ್ಸಿನಲ್ಲಿ ಜಾಕೆಟ್ಟಿಗೂ ಇಕ್ಕಳ ಹಿಡಿದು ಹೋದೆ. ಅದರ ಕಥೆಯೇ ಬೇರೆ. ಕೆಳಗೆ ಡಬ್ಬಿಯೊಳಗೆ ಸಿಕ್ಕಿಸುವ ಕಡ್ಡಿ ಇರುತ್ತದಲ್ಲ, ಅದನ್ನು ಹಿಡಿದ ಪಟ್ಟಿಯೇ ನೂಲುನೂಲಾಗಿ ಬಿಚ್ಚಿಕೊಂಡು, ಕಡ್ಡಿ ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಇದಕ್ಕೆ ಹೊಸ ರನ್ನರ್ ಹಾಕಿ ಪ್ರಯೋಜನವಿಲ್ಲ, ಇಡೀ ಜಿಪ್ಪೇ ಬದಲಾಗಬೇಕು. ಮೊದಲು ಹಳೆಯದರ ಹೊಲಿಗೆಯನ್ನೆಲ್ಲ ಬಿಚ್ಚಬೇಕು. ಆ ಕೆಲಸ ಮುಂದಿನ ಭಾನುವಾರಕ್ಕೆ ಅಂತ ಕೆಲವು ಭಾನುವಾರಗಳಿಂದ ಹೇಳುತ್ತಿದ್ದೇನೆ.

ಸದ್ಯಕ್ಕೆ ಜಿಪ್ ಕೂಡಿಸಿ, ಕೆಳಗೆ ನಾಲ್ಕು ಹೊಲಿಗೆ ಹಾಕಿ, ಜಾಕೆಟ್ಟನ್ನು ತಲೆ ಮೇಲಿಂದ ತೂರಿಸಿಕೊಳ್ಳುತ್ತೇನೆ. ಕನ್ನಡಕ ತೆಗೆದಿಡುವುದು ಮಾತ್ರ ದಿನಾ ಮರೆತುಹೋಗುತ್ತದೆ.