ಕಹಳೆ ಕೊಂಡೆವು, ಮೀನು ಬಂತು

ಗೌನ್ ಅಂದರೆ ನನಗೆ ಗೊತ್ತಿದ್ದದ್ದು ಎರಡೇ. ಒಂದು, ಘಟಿಕೋತ್ಸವದ ದಿನ ಬಾಡಿಗೆಗೆ ಸಿಗುವ ಕಪ್ಪು ಗೌನ್. ಇನ್ನೊಂದು, ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ ಹಾಕಿಸುವ, ಬೆನ್ನಿಗೆ ಗಾಳಿಯಾಡುವ ಹಸಿರು ಗೌನ್. ಇಷ್ಟು ಅನುಭವ ಇಟ್ಟುಕೊಂಡು ನಾನು ಹಾಸ್ಟೆಲ್ ಗೆಳತಿ ಲವೀನಾಳ ಮದುವೆ ಗೌನ್ ಆರಿಸಲು ಹೋಗಿದ್ದೆ.

ಲವೀನಾ ಮಂಗಳೂರಿನ ಕ್ಯಾಥೊಲಿಕ್ ಹುಡುಗಿ. ಮದುವೆ ಊರಿನ ಚರ್ಚಿನಲ್ಲಿ, ಗೌನ್ ಖರೀದಿ ಬೆಂಗಳೂರಿನಲ್ಲಿ. ಎತ್ತರ ಸರಿಯಾಗಿ ಐದಡಿ. ಹಾಸ್ಟೆಲಿನಲ್ಲಿ ಗೀಸರ್ ಸ್ವಿಚ್ ಹಾಕಲು ಬಕೆಟ್ ಬೋರಲು ಹಾಕಿ ಹತ್ತುತ್ತಿದ್ದವಳು. ಈ ಎತ್ತರದ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ. ನಾವು ಅದನ್ನೇ ಮರೆತಿದ್ದು.

ಅಂಗಡಿಯ ಹುಡುಗಿ ಮೊದಲ ಪ್ರಶ್ನೆಯಲ್ಲೇ ನಮ್ಮನ್ನು ಮಲಗಿಸಿದಳು. "ಯಾವ ಸಿಲೂಯೆಟ್ ನೋಡ್ತಿದೀರಾ ಮೇಡಂ?"

ಲವೀನಾ ನನ್ನ ಮುಖ ನೋಡಿದಳು. ನಾನು ಧೈರ್ಯವಾಗಿ "ಬಿಳೀದು" ಅಂದೆ.

ಪಾಪ, ಆ ಹುಡುಗಿ ನಗಲಿಲ್ಲ. ಬಿಡಿಸಿ ಹೇಳಿದಳು. ಲೇಸು, ಮುತ್ತು, ಮಣಿ ಎಲ್ಲ ಮರೆತುಬಿಡಿ. ಗೌನ್ ಹಾಕಿದವಳ ಹಿಂದೆ ದೀಪ ಇಟ್ಟರೆ ಎದುರಿಗೆ ಒಂದು ಕಪ್ಪು ಆಕಾರ ಕಾಣುತ್ತದಲ್ಲ, ಅದೇ ಸಿಲೂಯೆಟ್. ಅದಕ್ಕೆ ಇರುವ ಹತ್ತಾರು ಹೆಸರುಗಳನ್ನು ಕೇಳಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ ಪ್ರಶ್ನೆ: ಬಟ್ಟೆ ಮೈ ಬಿಟ್ಟು ಅಗಲವಾಗುವುದು ಎಲ್ಲಿಂದ? ಸೊಂಟದಿಂದಲೇ ಧಡಕ್ಕನೆ ಅರಳಿದರೆ ಬಾಲ್ ಗೌನ್. ತೊಡೆಯ ಅರ್ಧದಿಂದ ನಿಧಾನವಾಗಿ ಅರಳಿದರೆ ಟ್ರಂಪೆಟ್, ಅಂದರೆ ಕಹಳೆ. ಮಂಡಿಯ ತನಕ ಬಿಗಿಯಾಗಿದ್ದು ಅಲ್ಲಿಂದ ಬಾಲ ಬಿಚ್ಚಿದರೆ ಮರ್ಮೇಡ್, ಅಂದರೆ ಮತ್ಸ್ಯಕನ್ಯೆ. ಎಲ್ಲೂ ಅರಳದೆ ನೆಟ್ಟಗೆ ಕೆಳಗಿಳಿದರೆ ಶೀತ್. ಇದು ಚಳಿಗಾಲದ ಶೀತ ಅಲ್ಲ, ಕತ್ತಿಯ ಒರೆ.

"ಹಾಗಾದ್ರೆ ಬಾಲ್ ಗೌನಿಗೂ ಚೆಂಡಿಗೂ ಸಂಬಂಧ ಇಲ್ವಾ?" ಅಂದೆ. ಇಲ್ಲವಂತೆ. ಬಾಲ್ ಅಂದರೆ ಯುರೋಪಿನ ದೊಡ್ಡ ಮನೆಗಳ ನೃತ್ಯಕೂಟ. ಅಲ್ಲಿಗೆ ಹಾಕಿಕೊಂಡು ಹೋಗುತ್ತಿದ್ದ ಗೌನ್ ಅದು.

ಮೊದಲು ಅದನ್ನೇ ತೊಡಿಸಿದರು. ಒಳಗೆ ಸ್ಟೀಲ್ ಬಳೆಗಳಿರುವ ಒಂದು ಲಂಗ, ಅದರ ಮೇಲೆ ಪದರ ಪದರವಾಗಿ ನೆಟ್ಟು. ಟ್ರಯಲ್ ರೂಮಿನಲ್ಲಿ ಲವೀನಾ ಇದ್ದಳು, ಗೌನ್ ಇತ್ತು, ನಾನು ಗೋಡೆಗೆ ಅಂಟಿಕೊಂಡ ಹಲ್ಲಿಯಾಗಿದ್ದೆ. "ಒಂದ್ಸಲ ಕೂತು ನೋಡು" ಅಂದೆ. ಕೂತಳು. ಹಿಂದಿನ ಬಳೆಗಳು ಅವಳ ಅಡಿಗೆ ಸಿಕ್ಕಿದವು, ಮುಂದಿನವು ಚಿಮ್ಮಿ ಮೇಲೆದ್ದು ಲಂಗ ಅವಳ ಮೂಗಿನವರೆಗೆ ಬಂತು. ಬಳೆಯ ಲಂಗ ಹಾಕಿದವರು ಹಿಂದಿನ ಬಳೆಗಳನ್ನು ಎತ್ತಿ ಕೂರಬೇಕಂತೆ, ಬಳೆಗಳ ಮೇಲೆ ಕೂರಬಾರದಂತೆ. ಇದನ್ನು ಅಂಗಡಿಯವರು ಮೊದಲೇ ಹೇಳಬಹುದಿತ್ತು. ಇನ್ನು ಕಾರು? 1981ರಲ್ಲಿ ರಾಜಕುಮಾರಿ ಡಯಾನಾಳ ಮದುವೆಯ ಟಾಫೆಟಾ ರೇಷ್ಮೆ ಗೌನ್, 25 ಅಡಿ ಬಾಲದ ಸಮೇತ, ರಾಜಮನೆತನದ ಗಾಜಿನ ಸಾರೋಟಿನಲ್ಲೇ ಹಿಡಿಯದೆ ಮುದುರಿಹೋಗಿತ್ತು. ನಮ್ಮದು ಲವೀನಾಳ ಮಾವನ ಹಳೇ ಮಾರುತಿ.

ಆಮೇಲೆ ಶೀತ್. ಹ್ಯಾಂಗರಿನಲ್ಲಿ ನೋಡಿದರೆ ದಿಂಬಿನ ಕವರು. ಇದು ಸುಲಭ ಅಂದುಕೊಂಡೆವು. ಆದರೆ ಅದರ ಬಟ್ಟೆಯನ್ನು ಓರೆಯಾಗಿ, ಅಂದರೆ ನೇಯ್ಗೆಯ ಎಳೆಗಳಿಗೆ 45 ಡಿಗ್ರಿಯಲ್ಲಿ ಕತ್ತರಿಸಿದ್ದರು. ಹಾಗೆ ಕತ್ತರಿಸಿದ ಬಟ್ಟೆ ರಬ್ಬರಿಲ್ಲದೆಯೂ ಹಿಗ್ಗುತ್ತದೆ, ನೀರಿನ ಹಾಗೆ ಮೈಮೇಲೆ ಇಳಿಯುತ್ತದೆ. ಇಳಿಯುವಾಗ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ತೋರಿಸಿಕೊಂಡು ಹೋಗುತ್ತದೆ. "ಮಧ್ಯಾಹ್ನ ತಿಂದ ನೀರುದೋಸೆ ಎಷ್ಟು ಅಂತ ಲೆಕ್ಕ ಸಿಗ್ತದೆ ಮಾರಾಯ್ತಿ" ಅಂತ ಲವೀನಾ ಅದನ್ನು ಬಿಚ್ಚಿಟ್ಟಳು.

ಮರ್ಮೇಡ್ ನೋಡಿದ ಕೂಡಲೇ ಬೇಡ ಅಂದವರು ಅವಳ ಅಮ್ಮ. ಆಂಟಿಯ ವಾದ ಗಟ್ಟಿಯಾಗಿತ್ತು. "ಪೂಜೆಯಲ್ಲಿ ಮೊಣಕಾಲೂರುವುದು ಹೇಗೆ? ಒಮ್ಮೆ ಅಲ್ಲ, ಎರಡು ಮೂರು ಸಲ ಊರಬೇಕು." ನಿಜ. ಮಂಡಿಯ ಹತ್ತಿರ ಬಿಗಿಯಾದ ಗೌನಿನಲ್ಲಿ ಮೊಣಕಾಲೂರುವುದು ಅಂದರೆ ಕೊಳವೆಯನ್ನು ಮಡಿಸಿದ ಹಾಗೆ. ಸೀರೆಯೊಳಗೆ ಹಾಕುವ ಶೇಪ್‌ವೇರ್ ಪೆಟಿಕೋಟ್ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಅದಕ್ಕಾದರೂ ಪಕ್ಕದಲ್ಲಿ ಸೀಳು ಇರುತ್ತದೆ. ಇದಕ್ಕೆ ಅದೂ ಇಲ್ಲ.

ಹಾಗಾಗಿ ರಾಜಿ ಆಯಿತು. ಟ್ರಂಪೆಟ್. ಮೇಲೆ ಮೈಗೆ ಕೂರುತ್ತದೆ, ಮಂಡಿಗೆ ಜಾಗ ಬಿಡುತ್ತದೆ. ಅಂಗಡಿಯಲ್ಲಿದ್ದ ಸ್ಯಾಂಪಲ್ ಲವೀನಾಳಿಗೆ ಎರಡು ಸೈಜ್ ದೊಡ್ಡದು. ಹುಡುಗಿ ಅದನ್ನು ಮೇಲಕ್ಕೆಳೆದು ಬೆನ್ನ ಹಿಂದೆ ದೊಡ್ಡ ಕ್ಲಿಪ್ಪುಗಳನ್ನು ಹಾಕಿದಳು. ಲವೀನಾ ದುಂಡನೆಯ ಮಣೆಯ ಮೇಲೆ ನಿಂತಳು. ಆಂಟಿ ಅತ್ತರು. ನಾನೂ ಅತ್ತೆ. ಅವಳ ಸೈಜಿನದಕ್ಕೆ ಆರ್ಡರ್ ಕೊಟ್ಟು ಹೋಳಿಗೆ ತಿನ್ನಲು ಹೋದೆವು.

ಮದುವೆಗೆ ಮೂರು ವಾರ ಇರುವಾಗ ಮಂಗಳೂರಿನ ಮನೆಗೆ ಡಬ್ಬಿ ಬಂತು. ನಾನು ರಜೆ ಹಾಕಿ ಅಲ್ಲೇ ಇದ್ದೆ. ಲವೀನಾ ಗೌನ್ ತೊಟ್ಟಳು, ಮೂರಿಂಚಿನ ಹೀಲ್ಸ್ ಹಾಕಿದಳು, ಕೋಣೆಯಿಂದ ಹೊರಗೆ ಕಾಲಿಟ್ಟಳು. ಕಾಲು ಬರಲಿಲ್ಲ. ಹೊಸಿಲು ದಾಟಲು ಎರಡೂ ಕಾಲು ಜೋಡಿಸಿ ಕುಪ್ಪಳಿಸಿದಳು.

ಅಜ್ಜಿ ಜಪಮಾಲೆ ಕೆಳಗಿಟ್ಟು ನೋಡಿದರು. "ಇದು ಮೀನೇ."

ಮೋಸ ಆಯಿತು ಅಂತಲೇ ನಮ್ಮೆಲ್ಲರ ತೀರ್ಮಾನ. ಆಂಟಿ ಅಂಗಡಿಗೆ ಫೋನ್ ಮಾಡಿ ಕಹಳೆಯ ಹಣ ತೆಗೆದುಕೊಂಡು ಮೀನು ಕಳಿಸಿದಿರಿ ಅಂತ ಗಲಾಟೆ ಮಾಡಿದರು. ಆ ಕಡೆಯಿಂದ ಕೋಡ್ ನಂಬರ್ ಓದಿ, ಅದೇ ಗೌನ್ ಮೇಡಂ ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಅದು ಗೊತ್ತಾಗಿದ್ದು ಸಂಜೆ ಟೈಲರ್ ಆಂಟಿ ಬಂದಮೇಲೆ. ಊರಿನ ಅರ್ಧ ಮದುಮಗಳಂದಿರ ಗೌನ್ ಬಿಗಿಮಾಡಿ ಸಡಿಲಮಾಡಿ ಅನುಭವ ಇರುವವರು. ಅವರು ಏನೂ ಮಾತಾಡಲಿಲ್ಲ. ಟೇಪ್ ತೆಗೆದರು.

ಗೌನಿನ ಸೊಂಟದ ಹೊಲಿಗೆಯಿಂದ ಅದು ಅರಳುವ ಜಾಗಕ್ಕೆ 18 ಇಂಚು. ಲವೀನಾಳ ಸೊಂಟದಿಂದ ಮಂಡಿಗೆ 21 ಇಂಚು. "3 ಇಂಚು ಮೇಲೇ ಇದೆಯಲ್ಲ?" ಅಂದೆ. ಅವರು ಗೌನಿನ ಸೊಂಟದ ಹೊಲಿಗೆಯ ಮೇಲೆ ಬೆರಳಿಟ್ಟರು. ಅದು ಲವೀನಾಳ ನಿಜವಾದ ಸೊಂಟಕ್ಕಿಂತ 2 ಇಂಚು ಕೆಳಗೆ ಕೂತಿತ್ತು. 18ಕ್ಕೆ 2 ಸೇರಿಸಿ. 20. ಅಂದರೆ ಮಂಡಿಗೆ ಬರೀ ಒಂದು ಇಂಚು ಮೇಲೆ.

ರೆಡಿಮೇಡ್ ಗೌನುಗಳನ್ನು ಸಾಮಾನ್ಯವಾಗಿ ಐದಡಿ ಏಳೆಂಟು ಇಂಚಿನ ಹೆಂಗಸಿನ ಲೆಕ್ಕದಲ್ಲಿ ಕತ್ತರಿಸುತ್ತಾರಂತೆ. ಅವಳ ಮಂಡಿ ಸೊಂಟದಿಂದ 24 ಇಂಚು ಕೆಳಗೆ. 18ಕ್ಕೆ ಅರಳಿದರೆ ಅವಳಿಗೆ ತೊಡೆಯ ಮೇಲೇ ಅರಳಿದ ಹಾಗೆ, ಚಂದದ ಕಹಳೆ. ಅದೇ ಗೌನ್ ಐದಡಿಯವಳ ಮೈಮೇಲೆ ಜಾರಿ ಮೀನಾಗುತ್ತದೆ. ಸೈಜ್ ಅಂತ ಕೇಳುವುದು ಎದೆ, ಸೊಂಟ, ಪೃಷ್ಠದ ಸುತ್ತಳತೆ. ಉದ್ದದ ವಿಷಯಕ್ಕೆ ಅದು ಹೋಗುವುದೇ ಇಲ್ಲ. ಹಾಗಾದರೆ ಅಂಗಡಿಯಲ್ಲಿ ಯಾಕೆ ಗೊತ್ತಾಗಲಿಲ್ಲ? ಕ್ಲಿಪ್ಪು ಸೊಂಟವನ್ನು ಎತ್ತಿ ಹಿಡಿದಿತ್ತು. ಎರಡು ಸೈಜ್ ದೊಡ್ಡದಾದ್ದರಿಂದ ಮಂಡಿಯ ಹತ್ತಿರ ಸಡಿಲವಾಗಿತ್ತು. ಜೊತೆಗೆ ಅವಳು ಮಣೆಯ ಮೇಲೆ ಗೊಂಬೆಯ ಹಾಗೆ ನಿಂತಿದ್ದಳು. ನಡೆಯಲಿಲ್ಲ, ಕೂರಲಿಲ್ಲ, ಮೆಟ್ಟಿಲು ಹತ್ತಲಿಲ್ಲ. ನಾವು ಅಳುವುದರಲ್ಲಿ ಬ್ಯುಸಿ ಇದ್ದೆವು.

"ಕೆಳಗಿನಿಂದ ಸ್ವಲ್ಪ ಕತ್ತರಿಸಿದರೆ ಆಗುವುದಿಲ್ವಾ?" ಅಂತ ನಾನು ಸಲಹೆ ಕೊಟ್ಟೆ. ಟೈಲರ್ ಆಂಟಿ ನನ್ನನ್ನು ನೋಡಿದ ರೀತಿ ಈಗಲೂ ಮರೆತಿಲ್ಲ.

ಕೆಳಗಿನಿಂದ ಎಷ್ಟು ಕತ್ತರಿಸಿದರೂ ಅರಳುವ ಜಾಗ ಮೇಲೆ ಬರುವುದಿಲ್ಲ. ಬದಲಿಗೆ ಅರಳಿದ ಭಾಗವೇ ಗಿಡ್ಡವಾಗುತ್ತದೆ. ಅಂಗಡಿಯವರು ಎತ್ತರ ನೋಡಿ ಆ ಕೆಲಸ ಆಗಲೇ ಮಾಡಿ ಕಳಿಸಿದ್ದರು. ಗೌನ್ ನೆಲಕ್ಕೆ ಸರಿಯಾಗಿತ್ತು, ಆದರೆ ಕಹಳೆಯ ಬಾಯನ್ನೇ ಕುಯ್ದ ಹಾಗಾಗಿತ್ತು. ಕೆಲಸ ಶುರುವಾಗಬೇಕಾದ್ದು ಮೇಲಿನಿಂದ, ಕೆಳಗಿನ ಅಂಚು ಎಲ್ಲಕ್ಕಿಂತ ಕೊನೆಗೆ.

ಅವರು ನಾಲ್ಕು ದಿನ ಕೂತು ಮಾಡಿದ್ದು ಇಷ್ಟು. ಜಿಪ್ ಬಿಚ್ಚಿ, ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಸೊಂಟದಲ್ಲಿ ಬೇರೆ ಮಾಡಿದರು. ಮೇಲಿನ ಭಾಗದ ಕೆಳತುದಿಯಿಂದ 2 ಇಂಚು ತೆಗೆದು ಮತ್ತೆ ಜೋಡಿಸಿದರು. ಲೈನಿಂಗು, ಸ್ಯಾಟಿನ್, ಮೇಲಿನ ಲೇಸು, ಎಲ್ಲಕ್ಕೂ ಇದೇ ಶಿಕ್ಷೆ. ಈಗ ಅರಳುವ ಜಾಗ ಮಂಡಿಗೆ 3 ಇಂಚು ಮೇಲೆ ಬಂತು. ಆಮೇಲೆ ಎರಡೂ ಪಕ್ಕದ ಹೊಲಿಗೆಯನ್ನು ತೊಡೆಯ ಅರ್ಧದಿಂದ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆಯಿಂದ ಒಂದೊಂದು ಕಡೆ ಅರ್ಧ ಇಂಚು ಬಿಟ್ಟರು. ಒಳಗೆ ಅಷ್ಟು ಬಟ್ಟೆ ಇದ್ದದ್ದು ನಮ್ಮ ಪುಣ್ಯ. ಇಲ್ಲದಿದ್ದರೆ ತ್ರಿಕೋನದ ತುಂಡುಗಳನ್ನು ಸೇರಿಸಬೇಕಿತ್ತು, ಅದಕ್ಕೆ ಅದೇ ಬಿಳುಪಿನ ಸ್ಯಾಟಿನ್ ಹುಡುಕಿಕೊಂಡು ಊರೂರು ಅಲೆಯಬೇಕಿತ್ತು. ಬಿಳಿಯಲ್ಲಿ ಎಷ್ಟು ಬಿಳಿಗಳಿವೆ ಅಂತ ನನಗೆ ಆಗಲೇ ಗೊತ್ತಾಗಿದ್ದು.

ಒಂದೇ ತೊಂದರೆ. ಸೊಂಟದಲ್ಲಿ 2 ಇಂಚು ಎತ್ತಿದ ಮೇಲೆ ಗೌನ್ ನೆಲದಿಂದಲೂ 2 ಇಂಚು ಮೇಲೆ ಹೋಯಿತು. ಕತ್ತರಿಸಿದ್ದನ್ನು ಬೆಳೆಸಲು ಆಗುವುದಿಲ್ಲ. ಹಾಗಾಗಿ ಲವೀನಾಳನ್ನೇ ಗಿಡ್ಡ ಮಾಡಿದೆವು. ಮೂರಿಂಚಿನ ಹೀಲ್ಸ್ ಹೋಗಿ ಒಂದಿಂಚಿನ ಚಪ್ಪಲಿ ಬಂತು. ಮದುಮಗ ಆರಡಿ. ಮದುವೆಯ ಒಂದು ಫೋಟೋದಲ್ಲೂ ಅವನ ಬೆನ್ನು ನೆಟ್ಟಗಿಲ್ಲ.

ಈ ಸಲ ನಾವು ಅಳಲಿಲ್ಲ, ಪರೀಕ್ಷೆ ಮಾಡಿದೆವು. ದಿವಾನದ ದಿಂಬನ್ನು ನೆಲಕ್ಕೆ ಹಾಕಿ ಮೊಣಕಾಲೂರಿಸಿದೆವು. ಊಟದ ಕುರ್ಚಿಯ ಮೇಲೆ ಕೂರಿಸಿದೆವು. ಅಂಗಳದ ಮೂರು ಮೆಟ್ಟಿಲು ಹತ್ತಿಸಿ ಇಳಿಸಿದೆವು. ಕೈ ಮೇಲೆತ್ತಿಸಿದೆವು. ಎಲ್ಲೂ ಎಳೆಯಲಿಲ್ಲ. ಪಕ್ಕದ ಮನೆಯವರು ಇದು ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್‌ಗಿಂತ ಮುಂಚಿನ ಹೊಸ ಶಾಸ್ತ್ರವಾ ಅಂತ ವಿಚಾರಿಸಿಕೊಂಡು ಹೋದರು. ಅಜ್ಜಿ ಮಾತ್ರ ಪೆಟ್ಟಿಗೆಯಿಂದ ಮದುವೆಯ ಕೆಂಪು ಸಾಡೊ ಸೀರೆ ತೆಗೆದು ತೋರಿಸಿ, "ಇದಕ್ಕೆ ಮಂಡಿ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ" ಅಂದರು.

ಚರ್ಚಿನಲ್ಲಿ ನನಗೆ ಒಂದೇ ಕೆಲಸ. ಗೌನಿನ ಹಿಂದೆ ನೆಲದ ಮೇಲೆ ಎಳೆಯುವ ಬಾಲಕ್ಕೆ ಟ್ರೇನ್ ಅನ್ನುತ್ತಾರೆ. ಲವೀನಾ ಮೊಣಕಾಲೂರಿ ಎದ್ದಾಗಲೆಲ್ಲ ಅದನ್ನು ಬಿಡಿಸಿ ಹರಡಬೇಕು. ಮೊದಲ ಸಲ ಊರಿದಳು, ಎದ್ದಳು, ಹರಡಿದೆ. ಎರಡನೇ ಸಲವೂ ಹಾಗೇ. ಕಹಳೆ ಕಹಳೆಯ ಹಾಗೇ ಇತ್ತು. ನಾನು ಹೆಮ್ಮೆಯಿಂದ ಮೂರನೇ ಸಾಲಿನಲ್ಲಿ ಕೂತಿದ್ದ ಟೈಲರ್ ಆಂಟಿಯ ಕಡೆ ತಿರುಗಿ ನಕ್ಕೆ. ಅಷ್ಟರಲ್ಲಿ ಲವೀನಾ ಒಂದು ಹೆಜ್ಜೆ ಮುಂದಿಟ್ಟಳು.

ಟರ್‍ರ್ ಅಂತ ಸದ್ದು ಬಂತು.

ಹರಿದದ್ದು ಬರೀ ನೆಟ್ಟು, ಅಂಗೈಯಗಲ. ಟೈಲರ್ ಆಂಟಿ ಆಗಲೇ ಪರ್ಸಿನಿಂದ ಸೇಫ್ಟಿ ಪಿನ್ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರು ನೋಡುತ್ತಿದ್ದದ್ದು ಗೌನನ್ನಲ್ಲ, ಅದರ ಮೇಲಿದ್ದ ನನ್ನ ಕಾಲನ್ನು.