ಕಿಟಕಿ ಇದ್ದರೆ ಮಾತ್ರೆ ದುಬಾರಿ

ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಮೂರು ದಿನ ಆಸ್ಪತ್ರೆ, 1,40,000 ರೂಪಾಯಿ ಬಿಲ್ಲು. ವಿಮೆ ಮೂರು ಲಕ್ಷದ್ದು, ಅದೇ ಧೈರ್ಯ. ಕಂಪನಿ ಕೊಟ್ಟಿದ್ದು 84,000.

ತಪ್ಪೆಲ್ಲ ಕಿಟಕಿಯದು. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 3,000 ಮಿತಿ. ಆ ದರದ ರೂಮು ಖಾಲಿ ಇರಲಿಲ್ಲ. ಸಿಕ್ಕಿದ್ದು 5,000ದ್ದು, ಅದಕ್ಕೊಂದು ಕಿಟಕಿ. ಮೂರು ದಿನಕ್ಕೆ ಆರು ಸಾವಿರ ನಮ್ಮ ಕೈಯಿಂದ ಹೋಗುತ್ತೆ, ಹೋಗಲಿ ಅಂದುಕೊಂಡೆವು. ಕಂಪನಿಯ ಲೆಕ್ಕವೇ ಬೇರೆ. ಮಿತಿ ಬಾಡಿಗೆಯ ಶೇ 60 ಇದೆಯಲ್ಲ, ಹಾಗಾಗಿ ಇಡೀ ಬಿಲ್ಲಿಗೂ ಶೇ 60 ಮಾತ್ರ! ಈ ಕತ್ತರಿಗೆ ಪ್ರಪೋರ್ಷನೇಟ್ ಡಿಡಕ್ಷನ್ ಅಂತ ಹೆಸರು.

ಸರ್ಜನ್ ಫೀಸಿನ ಮಟ್ಟಿಗೆ ಒಪ್ಪೋಣ. ರೂಮು ದೊಡ್ಡದಾದಂತೆ ಡಾಕ್ಟರ ಫೀಸೂ ಏರುವ ಆಸ್ಪತ್ರೆಗಳು ಬೇಕಾದಷ್ಟಿವೆ. ಆದರೆ ಮಾತ್ರೆ? ಅದರ ಎಂಆರ್‌ಪಿ ಸ್ಟ್ರಿಪ್‌ನ ಬೆನ್ನಿಗೇ ಅಚ್ಚಾಗಿರುತ್ತೆ. ಜನರಲ್ ವಾರ್ಡಿನಲ್ಲಿ ನುಂಗಿದರೂ ಅಷ್ಟೇ, ಕಿಟಕಿ ಪಕ್ಕ ನುಂಗಿದರೂ ಅಷ್ಟೇ. ಔಷಧಿ, ಇಂಪ್ಲಾಂಟ್, ಟೆಸ್ಟುಗಳಿಗೆ ಈ ಕತ್ತರಿ ಹಾಕಬಾರದು ಎಂದು ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2020ರಲ್ಲೇ ಹೇಳಿದೆ. ನಮ್ಮ ಪಾಲಿಸಿ ಪುಸ್ತಕದಲ್ಲೂ ಅದೇ ಇದೆ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಮರುಪರಿಶೀಲನೆಗೆ ಅರ್ಜಿ ಬರೆಯಲು ಕೂತೆ. ಬಿಲ್ಲಿನಲ್ಲಿ ‘ಫಾರ್ಮಸಿ 40,000’ ಅಂತ ಒಂದೇ ಸಾಲು. ಬಿಲ್ಲಿಂಗ್ ಕೌಂಟರಿನಲ್ಲಿ ಅರ್ಧ ದಿನ ನಿಂತ ಮೇಲೆ ಬಿಡಿ ಬಿಲ್ಲು ಸಿಕ್ಕಿತು, 11 ಪುಟ, ಸಿರಿಂಜು ಸಿರಿಂಜಿಗೂ ಲೆಕ್ಕ. ಅರ್ಜಿಯಲ್ಲಿ ಹೀಗೆ ಬರೆದೆ:

“ಬಾಡಿಗೆ 15,000ದಲ್ಲಿ 6,000 ಕಡಿದಿದ್ದೀರಿ, ಸರಿ. ಸರ್ಜನ್, ಅರಿವಳಿಕೆ, ಥಿಯೇಟರ್ ಸೇರಿ 60,000ದಲ್ಲಿ 24,000 ಕಡಿದಿದ್ದೀರಿ, ಅದೂ ಸರಿ. ಔಷಧಿ 40,000, ಟೆಸ್ಟು 25,000. ಇವುಗಳಲ್ಲಿ ಕಡಿದ 26,000 ವಾಪಸ್ ಕೊಡಿ. ಸ್ಕ್ಯಾನಿಂಗ್ ಮೆಷಿನ್ನಿಗೆ ನಮ್ಮ ಕಿಟಕಿಯ ವಿಷಯ ಗೊತ್ತಿರಲಿಲ್ಲ. ಬಿಡಿ ಬಿಲ್ಲು ಲಗತ್ತಿಸಿದೆ.”

ಹನ್ನೆರಡು ದಿನಕ್ಕೆ ಉತ್ತರ ಬಂತು. “ನಿಮ್ಮ ಆರೋಗ್ಯವೇ ನಮ್ಮ ಕಾಳಜಿ. ದಯವಿಟ್ಟು ಬಿಡಿ ಬಿಲ್ಲು ಲಗತ್ತಿಸಿ.”

ಮತ್ತೆ ಕಳಿಸಿದೆ. ಈ ಸಲ ಕಂಪನಿಯ ದೂರು ಅಧಿಕಾರಿಗೂ ಒಂದು ಪ್ರತಿ ಹೋಯಿತು, ಐಆರ್‌ಡಿಎಐಯ ದೂರು ತಾಣ ಬಿಮಾ ಭರೋಸಾ ಪೋರ್ಟಲ್ಲಿಗೂ ಏರಿಸಿದೆ. ತಿಂಗಳೊಳಗೆ ಉತ್ತರ ಬರದಿದ್ದರೆ ವಿಮೆ ತಕರಾರು ತೀರಿಸುವ ಓಂಬುಡ್ಸ್‌ಮನ್ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಇದ್ದೇ ಇದೆ. ಅಲ್ಲಿ ಫೀಸಿಲ್ಲ, ವಕೀಲರೂ ಬೇಡ. ಬಹುಶಃ ಅದಕ್ಕೇ ಆ ವಿಳಾಸವನ್ನು ಪಾಲಿಸಿಯ ಕೊನೇ ಪುಟಕ್ಕೆ ತಳ್ಳಿರುತ್ತಾರೆ.

ಅಮ್ಮ ಅರ್ಜಿ ಓದಿಸಿಕೊಂಡು ಕೇಳಿದಳು: “ಸೊಳ್ಳೆ ಬರುತ್ತೆ ಅಂತ ಮೂರೂ ದಿನ ಕಿಟಕಿ ತೆಗೆಯಲೇ ಇಲ್ವಲ್ಲೋ. ಅದನ್ನ ಬರೆದ್ಯಾ?”