ಅರ್ಧ ಕೆಜಿ ಕೇಕಿಗೆ ಅರ್ಧ ಬೆಲೆ ಏಕಲ್ಲ?

ಹಾಸನದ ನಮ್ಮ ಬಡಾವಣೆಯಲ್ಲಿ ನಾನು ಮನೆಯಲ್ಲೇ ಕೇಕ್ ಮಾಡಿ ಕೊಡಲು ಶುರು ಮಾಡಿ ನಾಲ್ಕು ವರ್ಷವಾಯಿತು. ಮೊದಲ ಎರಡು ವರ್ಷ ಒಂದು ಕೆಜಿ ಚಾಕೊಲೇಟ್ ಟ್ರಫಲ್ ಕೇಕಿಗೆ 500 ರೂಪಾಯಿ, ಅರ್ಧ ಕೆಜಿಗೆ 250 ರೂಪಾಯಿ ತೆಗೆದುಕೊಳ್ಳುತ್ತಿದ್ದೆ. ಆ ಬೆಲೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದ್ದರೆ ಉತ್ತರವಿರಲಿಲ್ಲ. ಬೇಕರಿಯಲ್ಲಿ 600 ಇದೆ, ನಮ್ಮದು ಮನೆಯದು, ನೂರು ಕಡಿಮೆ ಇರಲಿ ಎಂದು ಇಟ್ಟ ಬೆಲೆ ಅದು. ಈಗ ಒಂದು ಕೆಜಿಗೆ 800, ಅರ್ಧ ಕೆಜಿಗೆ 580 ಹೇಳುತ್ತೇನೆ. ಇದನ್ನು ಕೇಳಿದವರಲ್ಲಿ ಮುಕ್ಕಾಲು ಪಾಲು ಜನ "ಅರ್ಧಕ್ಕೆ ನಾನೂರು ಅಲ್ಲವೇ ಆಗಬೇಕು?" ಎನ್ನುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ವಿವರಿಸುವುದಕ್ಕಿಂತ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನಂತೆ ಮನೆಯಲ್ಲಿ ಕೇಕ್ ಮಾಡುವ ಅಕ್ಕತಂಗಿಯರು ಇದನ್ನು ಓದಲಿ ಎಂಬುದೂ ನನ್ನ ಆಸೆ.

ಲೆಕ್ಕ ಶುರುವಾದದ್ದು ತಕ್ಕಡಿಯಿಂದ. ಅಲ್ಲಿಯವರೆಗೆ ನಾನು ಕಪ್ಪಿನಲ್ಲೇ ಅಳೆಯುತ್ತಿದ್ದೆ. ಒಂದು ಸಂಜೆ ಪೂರ್ತಿ ಸಿದ್ಧವಾದ "ಒಂದು ಕೆಜಿ" ಕೇಕನ್ನು ಬೋರ್ಡಿನ ತೂಕ ಕಳೆದು ತೂಗಿದಾಗ 1,260 ಗ್ರಾಂ ಇತ್ತು. ಅಷ್ಟು ದಿನವೂ ಪ್ರತಿ ಗ್ರಾಹಕರಿಗೆ ಕಾಲು ಕೆಜಿಗಿಂತ ಹೆಚ್ಚು ಕೇಕನ್ನು ಬೆಲೆಯಿಲ್ಲದೆ ಕೊಟ್ಟಿದ್ದೆ. ಕಾರಣ ಹುಡುಕಿದರೆ ಮೈದಾ ಡಬ್ಬಿಯೊಳಗೇ ಇತ್ತು. ಕಪ್ಪನ್ನು ಡಬ್ಬಿಗೆ ಅದ್ದಿ ತುಂಬಿಕೊಂಡರೆ ಹಿಟ್ಟು ಒತ್ತಿ ಕೂತು 150 ಗ್ರಾಂವರೆಗೂ ಹಿಡಿಯುತ್ತದೆ. ಚಮಚದಿಂದ ಹಗುರಾಗಿ ಉದುರಿಸಿ ಮೇಲೆ ಸಮ ಮಾಡಿದರೆ ಅದೇ ಕಪ್ಪಿನಲ್ಲಿ 120 ರಿಂದ 125 ಗ್ರಾಂ. ಹಿಟ್ಟು ಹೆಚ್ಚಾದಾಗ ಗಟ್ಟಿಯಾಯಿತೆಂದು ಹಾಲು ಸೇರಿಸುತ್ತಿದ್ದೆ, ಸ್ಪಂಜ್ ದೊಡ್ಡದಾದಾಗ ಅದಕ್ಕೆ ಹೊದಿಸಲು ಕ್ರೀಮೂ ಹೆಚ್ಚು ಬೇಕಾಗುತ್ತಿತ್ತು. ತೂಗದೆ ಮಾಡಿದ ಕೇಕಿಗೆ ಬೆಲೆ ಕಟ್ಟಲು ಸಾಧ್ಯವೇ ಇಲ್ಲ. ಏಕೆಂದರೆ ಈ ವಾರದ ಕೇಕಿಗೆ ಹಿಡಿದ ಸಾಮಾನು ಮುಂದಿನ ವಾರದ ಕೇಕಿಗೆ ಹಿಡಿಯುವುದಿಲ್ಲ.

ಈಗ ನನ್ನ ಒಂದು ಕೆಜಿ ಮೊಟ್ಟೆರಹಿತ ಚಾಕೊಲೇಟ್ ಕೇಕ್ ಹೀಗೆ ಕೂಡುತ್ತದೆ: ಬೆಂದ ಸ್ಪಂಜ್ 440 ಗ್ರಾಂ, ಅದಕ್ಕೆ ಕುಡಿಸುವ ಸಕ್ಕರೆ ನೀರು 70, ವಿಪ್ಪಿಂಗ್ ಕ್ರೀಂ 220, ಚಾಕೊಲೇಟ್ ಕರಗಿಸಿ ಕ್ರೀಂ ಬೆರೆಸಿದ ಗನಾಶ್ 230, ಮೇಲಿನ ಅಲಂಕಾರ 40. ಸ್ಪಂಜಿಗೆ ಮೈದಾ 110 ಗ್ರಾಂ, ಸಕ್ಕರೆ 120, ಕೊಕೊ ಪುಡಿ 20, ಎಣ್ಣೆ, ಮೊಸರು, ಹಾಲು, ಎಸೆನ್ಸ್, ಸೋಡಾ ಎಲ್ಲ ಸೇರಿ, ಸಕ್ಕರೆ ನೀರನ್ನೂ ಕೂಡಿಸಿದರೆ, ನಮ್ಮೂರಿನ ಅಂಗಡಿಯ ದರದಲ್ಲಿ 54 ರೂಪಾಯಿ ಮಾತ್ರ. ಅದರಲ್ಲಿ ಮೈದಾದ ಪಾಲು ಐದೂವರೆ ರೂಪಾಯಿ, ಕೊಕೊ ಪುಡಿಯದು 18. "ಮೈದಾ ಸಕ್ಕರೆಗೆ ಎಷ್ಟು ಮಹಾ ಆಗುತ್ತದೆ?" ಎಂದು ಕೇಳುವವರು ಅಷ್ಟರ ಮಟ್ಟಿಗೆ ಸರಿಯಾಗಿಯೇ ಹೇಳುತ್ತಾರೆ. ಖರ್ಚು ಇರುವುದು ಸ್ಪಂಜಿನ ಮೇಲೆ ಹಾಕುವುದರಲ್ಲಿ. ವಿಪ್ಪಿಂಗ್ ಕ್ರೀಮಿಗೆ 53, ಗನಾಶಿನ 150 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟಿಗೆ 60, ಅದಕ್ಕೆ ಬೆರೆಸುವ ಫ್ರೆಶ್ ಕ್ರೀಮಿಗೆ 22, ಅಲಂಕಾರಕ್ಕೆ 20, ಬಟರ್ ಪೇಪರಿಗೆ 4. ಒಟ್ಟು 213.

ಇಷ್ಟಕ್ಕೇ ನಿಲ್ಲಿಸಬೇಡಿ. ಕ್ರೀಂ ಹಾಕಿ ಮುಗಿಸಿದ ಮೇಲೆ ಪೈಪಿಂಗ್ ಬ್ಯಾಗನ್ನೂ ಬಟ್ಟಲನ್ನೂ ಒಮ್ಮೆ ತೂಗಿ ನೋಡಿ. ನನ್ನದರಲ್ಲಿ 25 ಗ್ರಾಂ ಕ್ರೀಂ ಅಂಟಿಕೊಂಡು ಉಳಿದಿತ್ತು, ಅಂದರೆ ಕೇಕಿನ ಮೇಲೆ 220 ಗ್ರಾಂ ಕೂರಿಸಲು 245 ಗ್ರಾಂ ಬೀಟ್ ಮಾಡಬೇಕು. ಸ್ಪಂಜಿನ ಮೇಲುಬ್ಬನ್ನು ಸಮ ಮಾಡಲು ಕತ್ತರಿಸಿದ ಚೂರು, ಪಾತ್ರೆಯ ಅಂಚಿನಲ್ಲಿ ಒಣಗಿದ ಚಾಕೊಲೇಟ್, ಇವೆಲ್ಲ ದುಡ್ಡು ಕೊಟ್ಟು ತಂದ ಸಾಮಾನೇ. ಹಾಗಾಗಿ ನೂರಕ್ಕೆ ಹತ್ತರಂತೆ 21 ರೂಪಾಯಿ ಸೇರಿಸುತ್ತೇನೆ. ಸಾಮಾನಿನ ಲೆಕ್ಕ 234ಕ್ಕೆ ಬರುತ್ತದೆ. ವಿಪ್ಪಿಂಗ್ ಕ್ರೀಮಿನಲ್ಲಿ ಇನ್ನೊಂದು ತೊಂದರೆಯೂ ಇದೆ. ಫ್ರೀಜರಿನ ಗಟ್ಟಿ ಪೊಟ್ಟಣವನ್ನು ಒಮ್ಮೆ ಕರಗಿಸಿದರೆ ಮತ್ತೆ ಫ್ರೀಜರಿಗೆ ಇಡುವಂತಿಲ್ಲ, ಇಟ್ಟರೆ ಮುಂದಿನ ಸಲ ಸರಿಯಾಗಿ ಏಳುವುದಿಲ್ಲ. ಕೆಲವೇ ದಿನಗಳಲ್ಲಿ ಇನ್ನೊಂದು ಆರ್ಡರ್ ಬರದಿದ್ದರೆ ಉಳಿದ ಮುಕ್ಕಾಲು ಪೊಟ್ಟಣದ ನಷ್ಟವೂ ನಮ್ಮದೇ. ತಿಂಗಳಿಗೆ ಎರಡು ಮೂರು ಕೇಕ್ ಮಾತ್ರ ಮಾಡುವವರಿಗೆ ನೂರಕ್ಕೆ ಹತ್ತು ಸಾಲುವುದಿಲ್ಲ.

ಗ್ಯಾಸಿನ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ಆದರೆ ಅದು ಲೆಕ್ಕದಲ್ಲಿ ತೀರಾ ಚಿಕ್ಕದು. ನಾನು ಈಗಲೂ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆಯಲ್ಲಿ, ಒಲೆಯ ಮೇಲೆ, ಸಣ್ಣ ಉರಿಯಲ್ಲೇ ಬೇಯಿಸುವವಳು. ಮನೆಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸಲು ನಿಯಮದಲ್ಲಿ ಅವಕಾಶವಿಲ್ಲವಾದ್ದರಿಂದ 19 ಕೆಜಿಯ ವಾಣಿಜ್ಯ ಸಿಲಿಂಡರ್ ತರಿಸುತ್ತೇನೆ. ಒಂದು ಸಿಲಿಂಡರನ್ನು ಕೇಕಿಗೆ ಮಾತ್ರ ಮೀಸಲಿಟ್ಟು, ಜೋಡಿಸಿದ ದಿನದಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ಕೇಕಿಗೆ ಒಂದೊಂದು ಗೆರೆ ಹಾಕುತ್ತಾ ಬಂದೆ. ಗ್ಯಾಸ್ ಮುಗಿಯುವಾಗ 150 ಗೆರೆ ಇದ್ದವು. ಕೊಟ್ಟದ್ದು 1,900 ರೂಪಾಯಿ, ಅಂದರೆ ಕೇಕಿಗೆ ಹೆಚ್ಚುಕಡಿಮೆ 13. ಬೀಟರ್, ಫ್ರಿಜ್‌ಗಳ ಕರೆಂಟಿಗೆ 5 ಸೇರಿಸಿದರೆ 18. ಬೋರ್ಡ್, ಡಬ್ಬಿ, ಮೇಣದಬತ್ತಿ, ಪ್ಲಾಸ್ಟಿಕ್ ಚಾಕು, ರಿಬ್ಬನ್ ಸೇರಿ 60. ಜನ ಲೆಕ್ಕಕ್ಕೇ ತೆಗೆದುಕೊಳ್ಳದ ಈ ಡಬ್ಬಿ ಬೋರ್ಡುಗಳ ಖರ್ಚು ಗ್ಯಾಸಿನ ನಾಲ್ಕು ಪಟ್ಟಿಗಿಂತ ಹೆಚ್ಚು.

ಇಲ್ಲಿಗೆ 312 ರೂಪಾಯಿ ಆಯಿತು. 500ಕ್ಕೆ ಮಾರಿದಾಗ ಉಳಿಯುತ್ತಿದ್ದ 188 ರೂಪಾಯಿಯನ್ನು ನಾನು ಲಾಭ ಎಂದುಕೊಂಡಿದ್ದೆ. ಅದು ಲಾಭವಲ್ಲ, ನನ್ನ ಕೂಲಿ ಎಂದು ತಿಳಿದದ್ದು ಗಡಿಯಾರ ನೋಡಿದ ಮೇಲೆ.

ಒಂದು ತಿಂಗಳು ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿ, ಪ್ರತಿ ಕೇಕಿನ ನಿಮಿಷಗಳನ್ನು ಬರೆದೆ. ಯಾವ ಹೆಸರು ಬರೆಯಬೇಕು, ಯಾವ ಬಣ್ಣ, ಎಷ್ಟು ಹೊತ್ತಿಗೆ ಬರುತ್ತೀರಿ ಎಂಬ ಮಾತುಕತೆಗೇ 20 ನಿಮಿಷ. ಸಾಮಾನು ತರುವುದರಲ್ಲಿ ಆ ಕೇಕಿನ ಪಾಲು 20. ತೂಗಿ, ಜರಡಿ ಹಿಡಿದು, ಕಲಸಿ ಒಲೆಗೇರಿಸಲು 30. ಬೇಯುವ ಮುಕ್ಕಾಲು ಗಂಟೆಯಲ್ಲಿ ಮನೆಯ ಬೇರೆ ಕೆಲಸವೂ ಆಗುತ್ತದೆ, ಆದ್ದರಿಂದ 15 ಮಾತ್ರ ಹಿಡಿದೆ. ಗನಾಶ್ ಮಾಡಿ, ಕ್ರೀಂ ಬೀಟ್ ಮಾಡಿ, ಪದರಗಳನ್ನು ಜೋಡಿಸಲು 45. ಫ್ರಿಜ್ಜಿನಿಂದ ತೆಗೆದು ಕೊನೆಯ ಹೊದಿಕೆ, ಅಲಂಕಾರ, ಹೆಸರು ಬರೆಯಲು 40. ಡಬ್ಬಿಗೆ ಹಾಕಲು 10. ಜಿಡ್ಡು ಹಿಡಿದ ಪಾತ್ರೆ, ನಳಿಕೆಗಳನ್ನು ಬಿಸಿನೀರಿನಲ್ಲಿ ತೊಳೆಯಲು 30. ಕೂಡಿಸಿದರೆ 210 ನಿಮಿಷ, ಮೂರೂವರೆ ಗಂಟೆ. 188 ರೂಪಾಯಿಯನ್ನು ಮೂರೂವರೆಯಿಂದ ಭಾಗಿಸಿದರೆ ಗಂಟೆಗೆ 54.

ಅದೇ ಹಾಳೆಯಲ್ಲಿ ಅರ್ಧ ಕೆಜಿಯ ಸಾಲುಗಳನ್ನು ನೋಡಿದಾಗ ನಿಜಕ್ಕೂ ಸಂಕಟವಾಯಿತು. ಸಾಮಾನು ಅರ್ಧವಾಗುತ್ತದೆ, 117 ರೂಪಾಯಿ. ಆದರೆ ಗ್ಯಾಸ್ ಕರೆಂಟು 18ರಿಂದ 15ಕ್ಕೆ ಮಾತ್ರ ಇಳಿಯುತ್ತದೆ, ಏಕೆಂದರೆ ಪಾತ್ರೆ ಕಾಯಬೇಕಾದ ಹೊತ್ತು ಅಷ್ಟೇ. ಡಬ್ಬಿ ಬೋರ್ಡಿಗೆ 45. ಮೇಣದಬತ್ತಿ, ಚಾಕು ಎರಡಕ್ಕೂ ಒಂದೇ. ಹೊತ್ತು? ಗ್ರಾಹಕರೊಡನೆ ಅದೇ 20 ನಿಮಿಷ ಮಾತು. ಬೀಟರ್ ತೊಳೆಯುವುದೂ ಅದೇ. "ಹುಟ್ಟುಹಬ್ಬದ ಶುಭಾಶಯಗಳು" ಎಂದು ಚಿಕ್ಕ ಜಾಗದಲ್ಲಿ ಬರೆಯುವುದು ದೊಡ್ಡ ಜಾಗದಲ್ಲಿ ಬರೆಯುವುದಕ್ಕಿಂತ ಕಷ್ಟ. ಎಲ್ಲ ಸೇರಿ ಮೂರು ಗಂಟೆಗಿಂತ ಕೆಳಗೆ ಇಳಿಯಲೇ ಇಲ್ಲ. 250ರಲ್ಲಿ 177 ಖರ್ಚು ಕಳೆದರೆ 73 ರೂಪಾಯಿ, ಗಂಟೆಗೆ 24. ನನ್ನ ಆರ್ಡರ್‌ಗಳಲ್ಲಿ ಹೆಚ್ಚಿನವು ಅರ್ಧ ಕೆಜಿಯವೇ ಆಗಿದ್ದವು. ಎರಡು ವರ್ಷ ರಾತ್ರಿ ಹನ್ನೊಂದರವರೆಗೆ ನಿಂತು ಕೆಲಸ ಮಾಡಿಯೂ ಕೈಯಲ್ಲಿ ಏನೂ ನಿಲ್ಲಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲಿತ್ತು.

ಗಂಟೆಗೆ ಎಷ್ಟು ಕೂಲಿ ಎಂಬುದನ್ನು ಮನಸ್ಸಿಗೆ ಬಂದಂತೆ ಇಡಲಿಲ್ಲ. ನಮ್ಮಲ್ಲಿ ಸಮಾರಂಭದ ಅಡುಗೆಗೆ ಸಹಾಯಕ್ಕೆ ಬರುವವರಿಗೆ ಎಂಟು ಗಂಟೆಗೆ 800 ಕೊಡುತ್ತೇವೆ. ನಾನು ಬಾರದ ದಿನ ನನ್ನ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಬೇಕಾದರೆ ಕನಿಷ್ಠ ಅಷ್ಟಾದರೂ ಕೊಡಬೇಕು. ಹಾಗಾಗಿ ಗಂಟೆಗೆ 100. ಒಂದು ಕೆಜಿಗೆ 312ಕ್ಕೆ 350 ಕೂಲಿ ಸೇರಿ 662. ಬಿರುಕು ಬಿಟ್ಟ ಸ್ಪಂಜ್, ಸೆಕೆಗೆ ಇಳಿದುಹೋದ ಕ್ರೀಂ, ಸವೆಯುವ ಬೀಟರ್ ಇವುಗಳಿಗೆ ನೂರಕ್ಕೆ ಆರರಂತೆ 40. ಆಮೇಲೆ ನೂರಕ್ಕೆ ಹದಿನೈದು ಲಾಭ. 807 ಬರುತ್ತದೆ, 800 ಹೇಳುತ್ತೇನೆ. ಅರ್ಧ ಕೆಜಿಗೆ ಇದೇ ದಾರಿಯಲ್ಲಿ 581 ಬರುತ್ತದೆ.

"ಸಾಮಾನಿನ ಬೆಲೆಯನ್ನು ಮೂರರಿಂದ ಗುಣಿಸಿ" ಎಂದು ಬೇಕಿಂಗ್ ತರಗತಿಗಳಲ್ಲಿ ಹೇಳಿಕೊಡುವ ಸೂತ್ರ ನನಗೆ ಒಪ್ಪಿಗೆಯಿಲ್ಲ. ಅರ್ಧ ಕೆಜಿಗೆ ಆ ಸೂತ್ರ 351 ಎನ್ನುತ್ತದೆ. ಖರ್ಚು ಮತ್ತು ಕೂಲಿಯೇ 477 ಇರುವಾಗ ಅದು ನೇರ ನಷ್ಟ. ವೆನಿಲಾ ಕೇಕಿನ ಮೇಲೆ ಕ್ರೀಮಿನ ಗುಲಾಬಿಗಳನ್ನು ಒಂದೊಂದಾಗಿ ಕೂರಿಸುವಾಗ ಇನ್ನೂ ಕೆಟ್ಟದಾಗುತ್ತದೆ: ಸಾಮಾನು 130 ರೂಪಾಯಿಯದು, ಕೆಲಸ ಐದು ಗಂಟೆಯದು. ಇನ್ನೊಂದು ಕಡೆ ಒಣಹಣ್ಣು, ಗೋಡಂಬಿ ತುಂಬಿದ ಪ್ಲಮ್ ಕೇಕಿಗೆ ಸಾಮಾನೇ 500 ದಾಟುತ್ತದೆ, ಆದರೆ ಕ್ರೀಂ ಇಲ್ಲ, ಅಲಂಕಾರವಿಲ್ಲ, ಎರಡು ಗಂಟೆಯ ಕೆಲಸ. ಅದಕ್ಕೆ ಮೂರು ಪಟ್ಟು ಕೇಳುವುದು ಗ್ರಾಹಕರಿಗೆ ಮಾಡುವ ಅನ್ಯಾಯ. ದುಬಾರಿ ಸಾಮಾನಿನಿಂದ ಕೆಲಸ ಹೆಚ್ಚಾಗುವುದಿಲ್ಲ, ಅಗ್ಗದ ಸಾಮಾನಿನಿಂದ ಕಡಿಮೆಯೂ ಆಗುವುದಿಲ್ಲ.

"ಮನೆಯಲ್ಲೇ ಮಾಡುವುದಲ್ಲವೇ, ನಿಮಗೆ ಅಂಗಡಿ ಬಾಡಿಗೆ ಇಲ್ಲವಲ್ಲ" ಎನ್ನುವ ಮಾತಿಗೂ ಉತ್ತರಿಸುತ್ತೇನೆ. ಬಾಡಿಗೆ ಇಲ್ಲ, ನಿಜ, ಆದ್ದರಿಂದಲೇ ಮೇಲಿನ ಲೆಕ್ಕದಲ್ಲಿ ಅದು ಇಲ್ಲ. ಆದರೆ ಬೇಕರಿಯಲ್ಲಿ ಒಂದೇ ಹೊತ್ತಿಗೆ ಇಪ್ಪತ್ತು ಸ್ಪಂಜ್ ಬೇಯುತ್ತವೆ, ಒಂದೇ ಸಲಕ್ಕೆ ಐದು ಲೀಟರ್ ಕ್ರೀಂ ಏಳುತ್ತದೆ, ತೊಳೆಯುವುದು ಒಂದೇ ಸಲ. ಅವರಿಗೆ ಒಂದು ಕೇಕಿಗೆ ತಗಲುವ ನಿಮಿಷಗಳು ಬೇರೆ. ನನಗೂ ಒಂದೇ ದಿನ ಒಂದೇ ರುಚಿಯ ಎರಡು ಅರ್ಧ ಕೆಜಿ ಆರ್ಡರ್ ಬಂದರೆ ಎರಡನೆಯದಕ್ಕೆ ಎರಡು ಗಂಟೆ ಸಾಕಾಗುತ್ತದೆ. ಅಂಥ ದಿನ ಇಬ್ಬರಿಗೂ 50 ರೂಪಾಯಿ ಇಳಿಸುತ್ತೇನೆ, ಕಾರಣವನ್ನೂ ಹೇಳುತ್ತೇನೆ.

ಕಳೆದ ವಾರ ಪಕ್ಕದ ಬೀದಿಯ ಆಂಟಿಯೊಬ್ಬರು ಮೊಮ್ಮಗನ ಹುಟ್ಟುಹಬ್ಬಕ್ಕೆ ಅರ್ಧ ಕೆಜಿ ಕೇಳಿದರು. ಎರಡೂ ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಉಳಿದ ಅರ್ಧ ಕೆಜಿ ನನಗೆ 220ಕ್ಕೆ ಸಿಕ್ಕಂತಾಯಿತಲ್ಲಮ್ಮಾ, ಒಂದು ಕೆಜಿಯೇ ಮಾಡು, ನಾದಿನಿ ಮನೆಗೂ ಕಳಿಸುತ್ತೇನೆ" ಎಂದರು. ಅವರ ಲೆಕ್ಕ ಸರಿಯಾಗಿತ್ತು. ಆ ಎರಡನೆಯ ಅರ್ಧಕ್ಕೆ ನನಗೆ ಹೆಚ್ಚು ಬೇಕಾದದ್ದು 135 ರೂಪಾಯಿಯ ಖರ್ಚು, ಅರ್ಧ ಗಂಟೆಯ ಕೆಲಸ, ಅಷ್ಟೇ.